ಮೆಣಸಿನ ಸಾರು: ನೊರೆ ಕಟ್ಟಿತು, ಇಳಿಸಿ

ಮೆಣಸಿನ ಸಾರು ಮಾಡಿದ್ದೀರಿ. ಬಾಯಿಗಿಟ್ಟರೆ ಖಾರ ಗಂಟಲಿಗೆ ಹತ್ತುತ್ತದೆ, ಹುಳಿ ಹದವಾಗಿದೆ, ಉಪ್ಪೂ ಸರಿಯಾಗಿದೆ. ಆದರೂ ಏನೋ ಕಮ್ಮಿ ಅನಿಸುತ್ತದೆ. ಬಿಸಿ ಅನ್ನದ ಮೇಲೆ ಸೌಟಿನಿಂದ ಹಾಕುವಾಗ ಮೂಗಿಗೆ ಬರಬೇಕಾದ ಘಮ ಬರುವುದೇ ಇಲ್ಲ. ಆಗ ನಾವು ಸಾಮಾನ್ಯವಾಗಿ ಮಾಡುವುದೇನೆಂದರೆ, ಮುಂದಿನ ಸಲ ಇನ್ನರ್ಧ ಚಮಚ ಮೆಣಸಿನಪುಡಿ ಜಾಸ್ತಿ ಹಾಕುತ್ತೇವೆ. ಅದರಿಂದ ಖಾರ ಇನ್ನಷ್ಟು ಏರುತ್ತದೆ, ಘಮ ಮಾತ್ರ ಬರುವುದಿಲ್ಲ.

ನಾನೂ ಬಹಳ ವರ್ಷ ಹೀಗೇ ಮಾಡಿದೆ. ಕಾರಣ ಗೊತ್ತಾದದ್ದು ಆಮೇಲೆ. ಕಾಳುಮೆಣಸಿನಲ್ಲಿ ಖಾರವೇ ಬೇರೆ, ಘಮವೇ ಬೇರೆ. ಖಾರ ಬರುವುದು ಪೈಪರಿನ್ ಎಂಬ ವಸ್ತುವಿನಿಂದ. ಅದು ಹಬೆಯೊಂದಿಗೆ ಹಾರಿಹೋಗುವಂಥದ್ದಲ್ಲ, ಅರ್ಧ ಗಂಟೆ ಕುದಿಸಿದರೂ ಪಾತ್ರೆಯಲ್ಲೇ ಉಳಿಯುತ್ತದೆ. ಘಮ ಬರುವುದು ಕಾಳಿನೊಳಗಿರುವ ಹಗುರವಾದ ಎಣ್ಣೆಯಿಂದ. ಅದು ಹಬೆ ಕಂಡರೆ ಸಾಕು, ಜೊತೆಗೇ ಹೊರಟುಬಿಡುತ್ತದೆ. ಮೆಣಸಿನಿಂದ ಸುಗಂಧತೈಲ ತೆಗೆಯುವವರು ಮಾಡುವುದೂ ಇದನ್ನೇ: ಜಜ್ಜಿದ ಮೆಣಸಿನ ಮೂಲಕ ಹಬೆ ಹಾಯಿಸುತ್ತಾರೆ, ಹೊರಬಂದ ಹಬೆಯನ್ನು ತಣಿಸಿ ಎಣ್ಣೆ ಹಿಡಿದುಕೊಳ್ಳುತ್ತಾರೆ. ನಾವು ಮುಚ್ಚಳವಿಲ್ಲದ ಪಾತ್ರೆಯಲ್ಲಿ ಸಾರನ್ನು ಕೊತಕೊತ ಕುದಿಸಿದಾಗ ಆಗುವುದು ಅದೇ ಕೆಲಸ, ಹಿಡಿದುಕೊಳ್ಳುವವರು ಮಾತ್ರ ಯಾರೂ ಇಲ್ಲ. ಅಡುಗೆಮನೆಯಿಂದ ಜಗಲಿಯವರೆಗೆ ಘಮಘಮ ಅನ್ನುತ್ತಿದ್ದರೆ, ಅಷ್ಟು ಘಮ ಪಾತ್ರೆಯಿಂದ ಹೊರಗೆ ಬಂದಿದೆ ಎಂದೇ ಅರ್ಥ.

ಹಾಗಂತ ಕುದಿಸದೇ ಇರುವ ಹಾಗೂ ಇಲ್ಲ. ಹುಣಸೆಹಣ್ಣಿನ ಹಸಿವಾಸನೆ ಹೋಗಬೇಕಾದರೆ ಚೆನ್ನಾಗಿ ಕುದಿಯಲೇಬೇಕು. ಟೊಮೆಟೊ ಕರಗಬೇಕು, ಅರಿಶಿನದ ಕಹಿ ಮಾಯಬೇಕು. ಹಾಗಾಗಿ ಈ ಸಾರಿನ ಕೆಲಸವೆಲ್ಲ ಇರುವುದು ಯಾವುದು ಮೊದಲು, ಯಾವುದು ಕೊನೆಗೆ ಎಂಬುದರಲ್ಲಿ. ಕುದಿ ಬೇಕಾದವೆಲ್ಲ ಮೊದಲೇ ಕುದಿದು ಮುಗಿದಿರಬೇಕು. ಮೆಣಸು ಜೀರಿಗೆ ಬೀಳುವ ಹೊತ್ತಿಗೆ ಇನ್ನು ಬೇಯಬೇಕಾದದ್ದು ಏನೂ ಉಳಿದಿರಬಾರದು.

ನಾಲ್ಕು ಜನಕ್ಕೆ, ಅಂದರೆ ಸುಮಾರು ನಾಲ್ಕು ಲೋಟ ಸಾರಿಗೆ, ನಾನು ಮಾಡುವ ಅಳತೆ ಹೇಳುತ್ತೇನೆ. ಲೋಟ ಅಂದರೆ 200 ಮಿಲಿಯದ್ದು. ದೊಡ್ಡ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಮಾಗಿದ ಟೊಮೆಟೊ ಒಂದು, ಎರಡು ದೊಡ್ಡ ಚಮಚ ತೊಗರಿಬೇಳೆ, ಕಾಲು ಚಮಚ ಅರಿಶಿನ, ಒಂದೂವರೆ ಚಮಚ ಉಪ್ಪು, ಅಡಿಕೆಯಷ್ಟು ಬೆಲ್ಲ. ಕೊನೆಗೆ ಹಾಕಲು ಒಂದೂವರೆ ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ಬೇಕಿದ್ದರೆ ಸಿಪ್ಪೆ ಸಮೇತ ಮೂರು ನಾಲ್ಕು ಎಸಳು ಬೆಳ್ಳುಳ್ಳಿ. ಒಗ್ಗರಣೆಗೆ ಎರಡು ಚಮಚ ತುಪ್ಪ, ಅರ್ಧ ಚಮಚ ಸಾಸಿವೆ, ಒಂದು ಬ್ಯಾಡಗಿ ಮೆಣಸಿನಕಾಯಿ, ಚಿಟಿಕೆ ಇಂಗು, ಎರಡು ಎಸಳು ಕರಿಬೇವು. ಮೇಲಿಂದ ಹಾಕಲು ಸ್ವಲ್ಪ ಕೊತ್ತಂಬರಿ ಸೊಪ್ಪು. ಮಕ್ಕಳು ಉಣ್ಣುವುದಾದರೆ ಮೆಣಸು ಒಂದು ಚಮಚಕ್ಕೆ ಇಳಿಸಿ.

ಪಾತ್ರೆ ಯಾವುದು ಎನ್ನುವುದೂ ಮುಖ್ಯ. ಅಗಲವಾದ ಬಾಣಲೆ ಬೇಡ. ಬಾಯಿ ಕಿರಿದಾಗಿ, ಅಗಲಕ್ಕಿಂತ ಎತ್ತರ ಜಾಸ್ತಿ ಇರುವ ಪಾತ್ರೆ ಬೇಕು. ಸಾರು ಅದರ ಮುಕ್ಕಾಲಿನಷ್ಟು ಬರಬೇಕು, ಮೇಲೆ ನೊರೆ ಏಳಲು ಜಾಗ ಇರಬೇಕು. ಬಾಯಿ ಅಗಲವಾದಷ್ಟೂ ಹಬೆ ಹೋಗುವ ದಾರಿ ದೊಡ್ಡದಾಗುತ್ತದೆ, ನೊರೆಯೂ ತೆಳ್ಳಗೆ ಹರಡಿ ಎದ್ದದ್ದೇ ಗೊತ್ತಾಗುವುದಿಲ್ಲ. ಹಿತ್ತಾಳೆ ಪಾತ್ರೆಯಾದರೆ ಒಳಗೆ ಕಲಾಯಿ ಚೆನ್ನಾಗಿರಲಿ, ಹುಳಿ ಬರಿ ಹಿತ್ತಾಳೆಗೆ ತಾಗಬಾರದು. ಕೆಲವರ ಮನೆಯಲ್ಲಿ ತವರದ ಸಾರಿನ ಪಾತ್ರೆ ಇರುತ್ತದೆ. ತವರ 232 ಡಿಗ್ರಿಗೇ ಕರಗುತ್ತದೆ, ಆದ್ದರಿಂದ ಮೊದಲು ನೀರು, ಆಮೇಲೆ ಬೆಂಕಿ. ಖಾಲಿ ಪಾತ್ರೆ ಒಲೆ ಮೇಲಿಟ್ಟು ಆ ಕಡೆ ತಿರುಗಿದರೆ ತಳವೇ ಹೋಗಿರುತ್ತದೆ.

ಮೊದಲ ಕುದಿ

ಬೇಳೆಯನ್ನು ಎರಡು ಲೋಟ ನೀರು ಹಾಕಿ ಮೆತ್ತಗೆ ಬೇಯಿಸಿ, ಕಡೆಯದೆ ಹಾಗೇ ಬಿಡಿ. ಸ್ವಲ್ಪ ಹೊತ್ತಿಗೆ ಬೇಳೆ ತಳಕ್ಕೆ ಕೂರುತ್ತದೆ. ಮೇಲೆ ನಿಂತ ಕಟ್ಟನ್ನು ಒಂದು ಲೋಟ ಬಸಿದುಕೊಳ್ಳಿ. ಈ ಸಾರಿಗೆ ಬೇಕಾದದ್ದು ಕಟ್ಟು ಮಾತ್ರ. ಬೆಂದ ಬೇಳೆಯನ್ನು ಪಲ್ಯಕ್ಕೋ ಮಾರನೇ ದಿನದ ಹುಳಿಗೋ ಎತ್ತಿಡಿ. ಬೇಳೆ ಕಡೆದು ಹಾಕಿದರೆ ಅದು ಬೇಳೆಸಾರಾಗುತ್ತದೆ. ಅದೂ ರುಚಿಯೇ, ಆದರೆ ಮಂದವಾದ ಸಾರಿನಲ್ಲಿ ಮೆಣಸಿನ ಘಮ ಹಿಂದೆ ಉಳಿಯುತ್ತದೆ. ಹಾಗಾದರೆ ಕಟ್ಟಾದರೂ ಯಾಕೆ ಎಂದರೆ, ನೊರೆಗಾಗಿ. ಕಟ್ಟಿನಲ್ಲಿರುವ ಬೇಳೆಯ ಸಾರವೇ ಗುಳ್ಳೆಗಳನ್ನು ಒಡೆಯದಂತೆ ಹಿಡಿದು ನೊರೆ ಕಟ್ಟಿಸುವುದು. ಬರೀ ಹುಣಸೆನೀರಿನಲ್ಲಿ ಮಾಡಿದರೆ ನೊರೆ ಕಡಿಮೆ, ಗಮನಿಸುವುದೂ ಕಷ್ಟ.

ಹುಣಸೆಹಣ್ಣನ್ನು ಒಂದು ಲೋಟ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಕಿವುಚಿ ಸೋಸಿಕೊಳ್ಳಿ. ಅದಕ್ಕೆ ಒಂದೂವರೆ ಲೋಟ ನೀರು ಸೇರಿಸಿ ಒಲೆ ಮೇಲಿಡಿ. ಟೊಮೆಟೊವನ್ನು ಕೈಯಲ್ಲೇ ಹಿಸುಕಿ ಹಾಕಿ, ಜೊತೆಗೆ ಅರಿಶಿನ, ಉಪ್ಪು, ಬೆಲ್ಲ, ಕೊತ್ತಂಬರಿ ಸೊಪ್ಪಿನ ದಂಟು ಇದ್ದರೆ ಎರಡು. ಇದು ಮಾತ್ರ ಧಾರಾಳವಾಗಿ ಕುದಿಯಲಿ. ಹತ್ತು ನಿಮಿಷ ಬೇಕಾಗುತ್ತದೆ. ಗಡಿಯಾರಕ್ಕಿಂತ ಮೂಗನ್ನು ನಂಬಿ: ಶುರುವಿನಲ್ಲಿ ಹಬೆಗೆ ಮುಖ ಒಡ್ಡಿದರೆ ಹಲ್ಲು ಚುಳ್ಳೆನ್ನುವಂಥ ಹಸಿ ಹುಳಿವಾಸನೆ ಬರುತ್ತದೆ. ಅದು ಕಳೆದು ಹಣ್ಣಿನಂಥ ಮೆತ್ತನೆ ವಾಸನೆ ಬಂದಾಗ ಹುಳಿ ಬೆಂದಿದೆ. ಅಷ್ಟು ಹೊತ್ತಿಗೆ ಎರಡೂವರೆ ಲೋಟ ಇದ್ದದ್ದು ಎರಡು ಲೋಟಕ್ಕೆ ಬಂದಿರುತ್ತದೆ.

ಈಗಲೇ ಉಪ್ಪು ಹುಳಿ ನೋಡಿ. ಇನ್ನು ಎರಡು ಲೋಟ ಸೇರಲಿದೆ, ಹಾಗಾಗಿ ಈಗ ಉಪ್ಪೂ ಹುಳಿಯೂ ಎರಡರಷ್ಟು ಗಡುಸಾಗಿ ಅನಿಸಬೇಕು. ಇದನ್ನು ಈಗಲೇ ನೋಡಿ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮೆಣಸು ಹಾಕಿದ ಮೇಲೆ ಉಪ್ಪು ಸಾಲದು, ನೀರು ಸಾಲದು ಅಂತ ಸರಿಪಡಿಸಲು ಹೊರಟರೆ ಮತ್ತೆ ಕುದಿಸಬೇಕಾಗುತ್ತದೆ. ಘಮ ಹೋಗುವುದು ಬಹಳ ಸಲ ಮರೆವಿನಿಂದಲ್ಲ, ಇಂಥ ಕೊನೆಗಳಿಗೆಯ ತಿದ್ದುಪಡಿಯಿಂದ.

ಜಜ್ಜುವುದು

ಹುಳಿ ಕುದಿಯುತ್ತಿರುವಾಗಲೇ ಮೆಣಸು ಜೀರಿಗೆ ಕುಟ್ಟಿಕೊಳ್ಳಿ. ಅದಕ್ಕೂ ಮೊದಲು ಬೇಡ. ಕಾಳು ಇಡಿಯಾಗಿದ್ದಾಗ ಎಣ್ಣೆ ಒಳಗೆ ಭದ್ರ. ಒಡೆದ ಮರುಗಳಿಗೆಯಿಂದ ಗಾಳಿಗೆ ಹೋಗಲು ಶುರು. ತಿಂಗಳ ಹಿಂದೆ ಮಾಡಿಟ್ಟ ಪುಡಿ ಖಾರವಾಗಿಯೇ ಇರುತ್ತದೆ, ಆದರೆ ಡಬ್ಬಿ ತೆರೆದು ಮೂಸಿದರೆ ಧೂಳಿನ ವಾಸನೆ ಬರುತ್ತದೆ. ಅಂಥ ಪುಡಿ ಹಾಕಿ, ಎಷ್ಟು ಹುಷಾರಾಗಿ ಇಳಿಸಿದರೂ ಪ್ರಯೋಜನವಿಲ್ಲ.

ಒರಳಿನಲ್ಲೋ ಕಲ್ಲುಕುಟ್ಟಾಣಿಯಲ್ಲೋ ಮೊದಲು ಮೆಣಸು ಹಾಕಿ ನಾಲ್ಕೈದು ಏಟು. ಪ್ರತಿ ಕಾಳೂ ಮೂರು ನಾಲ್ಕು ಚೂರಾದಾಗ ಜೀರಿಗೆ ಹಾಕಿ ಇನ್ನೆರಡು ಏಟು. ಬೆಳ್ಳುಳ್ಳಿ ಕೊನೆಗೆ, ಸಿಪ್ಪೆ ಬಿರಿದು ಎಸಳು ಒಡೆದರೆ ಸಾಕು. ನೋಡಲು ಅಕ್ಕಿನುಚ್ಚಿನ ಹಾಗೆ ತರಿತರಿಯಾಗಿರಬೇಕು. ಹಿಟ್ಟಿನಂತೆ ನುಣ್ಣಗಾದರೆ ಸಾರು ಕದಡುತ್ತದೆ, ನಾಲಿಗೆಗೆ ಮರಳು ಸಿಕ್ಕಿದ ಹಾಗಾಗುತ್ತದೆ, ಬಿಸಿಯಲ್ಲಿ ಕಹಿಯೂ ಬೇಗ ಬಿಡುತ್ತದೆ. ಮಿಕ್ಸಿಯಾದರೆ ಸಣ್ಣ ಜಾರಿನಲ್ಲಿ ಎರಡು ಮೂರು ಸಲ ತಿರುಗಿಸಿ ನಿಲ್ಲಿಸಿ. ಸತತವಾಗಿ ಓಡಿಸಿದರೆ ಜಾರು ಬಿಸಿಯಾಗಿ, ಮುಚ್ಚಳ ತೆರೆದಾಗಲೇ ಅರ್ಧ ಘಮ ಮುಖಕ್ಕೆ ಹೊಡೆದು ಹೋಗುತ್ತದೆ.

ಮೆಣಸನ್ನು ಹುರಿಯಬೇಕೇ ಎಂದು ಕೇಳುವವರಿದ್ದಾರೆ. ನಾನು ಹುರಿಯುವುದಿಲ್ಲ. ಮಳೆಗಾಲದಲ್ಲಿ ಕಾಳು ಮೆತ್ತಗಾಗಿದ್ದರೆ ಬಿಸಿ ಬಾಣಲೆಯಲ್ಲಿ ಒಲೆ ಆರಿಸಿ ಎರಡು ಸಲ ಕೈಯಾಡಿಸುತ್ತೇನೆ, ಅಷ್ಟೇ. ಇನ್ನು ಕೊತ್ತಂಬರಿಬೀಜ, ಒಣಮೆಣಸಿನಕಾಯಿ ಇರುವ ಸಾರಿನಪುಡಿ ಸ್ವಲ್ಪ ಹಾಕುವ ರೂಢಿ ನಿಮ್ಮ ಮನೆಯಲ್ಲಿದ್ದರೆ, ಅದು ಎರಡು ಮೂರು ನಿಮಿಷ ಕುದಿಯಬೇಕು. ಅದನ್ನು ಹುಳಿಯ ಜೊತೆ ಕುದಿಸಿ ಮುಗಿಸಿ. ಮೆಣಸು ಜೀರಿಗೆಯ ಜೊತೆ ಸೇರಿಸಬೇಡಿ.

ನೊರೆ

ಬೆಂದ ಹುಳಿನೀರಿಗೆ ಒಂದು ಲೋಟ ಬೇಳೆಕಟ್ಟು, ಒಂದು ಲೋಟ ನೀರು ಹಾಕಿ. ಈಗ ಒಟ್ಟು ನಾಲ್ಕು ಲೋಟ. ಕುದಿ ನಿಂತು ಸಾರು ಸುಮ್ಮನಾಗುತ್ತದೆ. ಜಜ್ಜಿದ ಮೆಣಸು ಜೀರಿಗೆ ಬೆಳ್ಳುಳ್ಳಿಯನ್ನು ಈಗ ಹಾಕಿ, ಒಂದೇ ಸಲ ತಿರುಗಿಸಿ, ಸೌಟು ತೆಗೆದಿಡಿ. ಮತ್ತೆ ಕೈಯಾಡಿಸಬೇಡಿ, ಕೈಯಾಡಿಸಿದರೆ ನೊರೆ ಒಡೆಯುತ್ತದೆ. ಉರಿ ಮಧ್ಯಮಕ್ಕಿಂತ ಒಂದು ಎಳೆ ಕಡಿಮೆ ಇರಲಿ. ಇಲ್ಲಿಂದ ಮುಂದೆ ನಾಲ್ಕೈದು ನಿಮಿಷ ಒಲೆಯ ಮುಂದಿನಿಂದ ಅಲುಗಬಾರದು. ನನ್ನ ಅಮ್ಮ ಈ ಹೊತ್ತಿನಲ್ಲಿ ಯಾರು ಕರೆದರೂ ಓಗೊಡುತ್ತಿರಲಿಲ್ಲ.

ಮೊದಲು ಪಾತ್ರೆಯ ಅಂಚಿನಲ್ಲಿ ಹಬೆಯ ಎಳೆಗಳು ಕಾಣುತ್ತವೆ. ಆಮೇಲೆ ಅಂಚಿಗಂಟಿಕೊಂಡು ಸಣ್ಣ ಸಣ್ಣ ಗುಳ್ಳೆಗಳ ಬಳೆ ಕಟ್ಟುತ್ತದೆ. ಮೆಣಸಿನ ಚೂರುಗಳು ಆ ಬಳೆಯೊಳಗೆ ಸಿಕ್ಕಿಕೊಂಡಿರುತ್ತವೆ. ಬಳೆ ನಿಧಾನವಾಗಿ ಒಳಗೊಳಗೆ ಬರುತ್ತದೆ, ನಡುವೆ ಮಾತ್ರ ಕಣ್ಣಿನಂತೆ ಸ್ವಲ್ಪ ಜಾಗ ತಿಳಿಯಾಗಿ ಉಳಿದಿರುತ್ತದೆ. ನೊರೆಯ ಬಣ್ಣ ತಿಳಿಹಳದಿ, ಮುಟ್ಟಿದರೆ ಮೆತ್ತಗಿದೆಯೇನೋ ಎಂಬಂತಿರುತ್ತದೆ. ಆಮೇಲೆ ಆ ಕಣ್ಣೂ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ನೊರೆಯೆಲ್ಲ ಒಟ್ಟಾಗಿ ಒಂದು ಬೆರಳಿನಷ್ಟು ಮೇಲೇಳುತ್ತದೆ. ಇಲ್ಲೇ ನಿಲ್ಲಿಸಬೇಕು. "ನೊರೆ ಕಟ್ಟಿತು, ಇಳಿಸೇ" ಎಂದು ಅಮ್ಮ ಒಳಗಿಂದಲೇ ಕೂಗುತ್ತಿದ್ದಳು. ನೋಡದೆ ಹೇಗೆ ಗೊತ್ತಾಗುತ್ತಿತ್ತೆಂದರೆ, ಪಾತ್ರೆಯ ಸದ್ದಿನಿಂದ. ಬಿಸಿಯಾಗುವಾಗ ಸುಂಯ್ ಎನ್ನುವ ಪಾತ್ರೆ, ನೊರೆ ಮುಚ್ಚಿಕೊಳ್ಳುವ ಹೊತ್ತಿಗೆ ಒಂದು ಗಳಿಗೆ ತಗ್ಗುತ್ತದೆ. ಅದಾದ ಮೇಲೆ ಕೊತಕೊತ ಶುರುವಾಗುತ್ತದೆ.

ಆ ಕೊತಕೊತ ಕೇಳಿಸಬಾರದು. ನೊರೆಯನ್ನು ಹರಿದುಕೊಂಡು ದೊಡ್ಡ ಗುಳ್ಳೆಗಳು ನಡುವೆ ಒಡೆಯತೊಡಗಿದರೆ ಕುದಿ ಬಂದಿದೆ ಎಂದರ್ಥ. ಅಷ್ಟರವರೆಗೆ ನೊರೆ ಒಂದು ಮುಚ್ಚಳದಂತೆ ಹಬೆಯನ್ನು ಹಿಡಿದಿರುತ್ತದೆ. ಅದು ಹರಿದ ಮೇಲೆ ಹಬೆ ಸಲೀಸಾಗಿ ಹೊರಗೆ, ಅದರೊಂದಿಗೆ ಘಮವೂ. ಮೆಣಸು ಹಸಿಯಾಗಿ ಉಳಿಯುವುದಿಲ್ಲವೇ ಎಂಬ ಹೆದರಿಕೆ ಬೇಡ. ಆ ನಾಲ್ಕೈದು ನಿಮಿಷ ಅದು ಸುಡುವಷ್ಟು ಬಿಸಿಯಲ್ಲಿ ನೆನೆದಿದೆ, ಇಳಿಸಿದ ಮೇಲೂ ಹತ್ತು ನಿಮಿಷ ನೆನೆಯಲಿದೆ. ಕಾಳುಮೆಣಸಿಗೆ ಅದು ಸಾಕು.

ಒಲೆಗೆ ತಕ್ಕಂತೆ ಒಂದು ಮಾತು. ಗ್ಯಾಸ್ ಒಲೆಯಲ್ಲಿ ಆರಿಸಿದರೆ ಬಿಸಿ ಬೇಗ ತಗ್ಗುತ್ತದೆ. ತಳ ದಪ್ಪವಿರುವ ಪಾತ್ರೆಯಾದರೆ, ಇಲ್ಲವೇ ವಿದೇಶಗಳಲ್ಲಿರುವ ಎಷ್ಟೋ ಮನೆಗಳಂತೆ ಕರೆಂಟಿನ ಸುರುಳಿ ಒಲೆಯಾದರೆ, ಆರಿಸಿದ ಮೇಲೂ ಒಂದೆರಡು ನಿಮಿಷ ಕುದಿ ಮುಂದುವರಿಯುತ್ತದೆ. ಅಲ್ಲಿ ಆರಿಸಿದರೆ ಸಾಲದು, ಪಾತ್ರೆಯನ್ನೇ ಎತ್ತಿ ಪಕ್ಕಕ್ಕಿಡಬೇಕು. ನಡುವಿನ ಕಣ್ಣು ಮುಚ್ಚುವ ಮೊದಲೇ ಎತ್ತಿದರೂ ತಪ್ಪಿಲ್ಲ. ಉರಿ ತೀರಾ ಜೋರಿಟ್ಟರೆ ನೊರೆ ಒಂದು ಕಡೆಯಿಂದ ಮಾತ್ರ ನುಗ್ಗಿ ಉಕ್ಕಿಬಿಡುತ್ತದೆ, ಇನ್ನೊಂದು ಕಡೆ ಸಾರು ಇನ್ನೂ ಕಾದೇ ಇರುವುದಿಲ್ಲ.

ಒಗ್ಗರಣೆ, ಮುಚ್ಚಳ

ಒಗ್ಗರಣೆ ಸೌಟಿನಲ್ಲಿ ತುಪ್ಪ ಕಾಯಿಸಿ, ಸಾಸಿವೆ ಸಿಡಿದ ಮೇಲೆ ಮುರಿದ ಬ್ಯಾಡಗಿ, ಇಂಗು, ಕೊನೆಗೆ ಕರಿಬೇವು. ಇಳಿಸಿದ ಸಾರಿಗೆ ಅದನ್ನು ಸುರಿದು, ಕೊತ್ತಂಬರಿ ಸೊಪ್ಪು ಉದುರಿಸಿ, ಚರ್‍ ಎನ್ನುವ ಸದ್ದು ನಿಲ್ಲುವ ಮೊದಲೇ ಮುಚ್ಚಳ ಮುಚ್ಚಿ. ತುಪ್ಪ ಬರೀ ರುಚಿಗಲ್ಲ. ಮೆಣಸಿನ ಎಣ್ಣೆ ನೀರಿಗಿಂತ ತುಪ್ಪದಲ್ಲಿ ಚೆನ್ನಾಗಿ ಸೇರಿಕೊಳ್ಳುತ್ತದೆ, ಮೇಲೆ ತೇಲುವ ತುಪ್ಪದ ಪದರ ಘಮವನ್ನು ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತದೆ.

ಹತ್ತು ನಿಮಿಷ ಮುಚ್ಚಿಡಿ. ತೆಗೆಯುವಾಗ ಮುಚ್ಚಳವನ್ನು ಓರೆಯಾಗಿ ಎತ್ತಿ, ಒಳಗೆ ಕೂತ ನೀರಹನಿಗಳನ್ನು ಪಾತ್ರೆಗೇ ಇಳಿಸಿ. ಒಮ್ಮೆ ಆ ಹನಿ ಬೆರಳಿಗೆ ಹಚ್ಚಿ ಮೂಸಿ ನೋಡಿ, ಅದರಲ್ಲಿ ಏನಿದೆ ಎಂದು ತಿಳಿಯುತ್ತದೆ. ಅಷ್ಟರಲ್ಲಿ ಮೆಣಸಿನ ಚೂರು ತಳಕ್ಕಿಳಿದು ಮೇಲೆ ತಿಳಿ ನಿಂತಿರುತ್ತದೆ. ಕುಡಿಯುವುದಕ್ಕೆ ಮೇಲಿನ ತಿಳಿ, ಅನ್ನಕ್ಕೆ ತಳದಿಂದ ಒಮ್ಮೆ ಎತ್ತಿ ಹಾಕಿದ ಸಾರು.

ಒಂದೇ ಸಾರು, ಎರಡು ಪಾತ್ರೆ

ಇಷ್ಟೆಲ್ಲ ಹೇಳಿದ್ದನ್ನು ನೀವೇ ನೋಡಬೇಕೆಂದರೆ ನಾನೊಂದು ಸಂಜೆ ಮಾಡಿದ ಹಾಗೆ ಮಾಡಿ. ಮೇಲಿನ ಅಳತೆಯಲ್ಲೇ ಸಾರಿಟ್ಟು, ನೊರೆ ಎದ್ದ ತಕ್ಷಣ ಎರಡು ಲೋಟ ಸಾರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ಮುಚ್ಚಿಟ್ಟೆ. ಉಳಿದದ್ದನ್ನು ಅದೇ ಉರಿಯಲ್ಲಿ ಐದು ನಿಮಿಷ ಕುದಿಸಿದೆ. ಒಗ್ಗರಣೆ ಯಾವುದಕ್ಕೂ ಹಾಕಲಿಲ್ಲ, ತುಪ್ಪ ಇಂಗಿನ ವಾಸನೆ ನಡುವೆ ಬರುವುದು ಬೇಡವೆಂದು. ಕುದಿಯುತ್ತಿದ್ದಾಗ ಅಡುಗೆಮನೆಯಲ್ಲಿ ನಿಂತಿದ್ದ ತಂಗಿ, "ಅಕ್ಕಾ, ಎಷ್ಟು ಚೆನ್ನಾಗಿ ಘಮ ಬರ್ತಿದೆ" ಅಂದಳು. ಆಮೇಲೆ ಎರಡನ್ನೂ ಒಂದೇ ಥರದ ಲೋಟಕ್ಕೆ ಹಾಕಿ, ಯಾವುದು ಯಾವುದೆಂದು ಹೇಳದೆ ಅವಳಿಗೆ ಕೊಟ್ಟೆ. ಬೇಗ ಇಳಿಸಿದ್ದು ಮೂಗಿನ ಹತ್ತಿರ ತಂದ ಕೂಡಲೇ ಹಸಿ ಮೆಣಸಿನ ಬಳ್ಳಿಯಂಥ ವಾಸನೆ, ಕುಡಿದರೆ ಖಾರ ನಿಧಾನವಾಗಿ ಏರುತ್ತಿತ್ತು. ಕುದಿದದ್ದರಲ್ಲಿ ಖಾರ ಮೊದಲ ಗುಟುಕಿಗೇ ಗಂಟಲಿಗೆ ಹೊಡೆಯಿತು, ಹಿಂದೆಯೇ ಒಂದು ಒಗರು ಕಹಿ, ವಾಸನೆ ಬಿಸಿ ಹುಣಸೆನೀರಿನದು. ಬಣ್ಣವೂ ಒಂದು ಬಗೆ ಕಪ್ಪಿಗೆ ತಿರುಗಿತ್ತು. ಅವಳು ಕುದಿದದ್ದನ್ನು ಪಕ್ಕಕ್ಕೆ ತಳ್ಳಿ, "ಇದಕ್ಕೆ ಹಳೇ ಪುಡಿ ಹಾಕಿದೀಯಾ?" ಎಂದು ಕೇಳಿದಳು. ಎರಡೂ ಒಂದೇ ಕುಟ್ಟಾಣಿಯ ಮೆಣಸು.

ನಿಮ್ಮ ಸಾರಿನಲ್ಲಿ ಏನು ತಪ್ಪಿದೆ ಎಂದು ಪತ್ತೆಮಾಡುವುದೂ ಹೀಗೆಯೇ. ಖಾರ ಇದ್ದು ಘಮ ಇಲ್ಲದಿದ್ದರೆ ಹೆಚ್ಚು ಕುದಿದಿದೆ, ಇಲ್ಲವೇ ಪುಡಿ ಹಳೆಯದು. ಖಾರವೂ ಘಮವೂ ಎರಡೂ ಕಡಿಮೆಯಾದರೆ ಮೆಣಸು ಸಾಲಲಿಲ್ಲ. ಘಮ ಚೆನ್ನಾಗಿದ್ದು ಹಲ್ಲು ಚುಳ್ಳೆಂದರೆ ಹುಳಿ ಮೊದಲೇ ಬೇಯಲಿಲ್ಲ, ಆ ತಪ್ಪನ್ನು ಕೊನೆಯಲ್ಲಿ ಕುದಿಸಿ ಸರಿಮಾಡಲು ಹೋಗಬೇಡಿ, ಚೂರು ಬೆಲ್ಲ ಹಾಕಿ ಅವತ್ತಿನ ಊಟ ಮುಗಿಸಿ.

ಮಾತಿನಲ್ಲಿ ಮೈಮರೆತು ಸಾರು ಕುದಿದೇಬಿಟ್ಟಿತು ಅನ್ನಿ. ಅದಕ್ಕೂ ದಾರಿ ಇದೆ. ಮೊದಲು ಇಳಿಸಿ. ಅರ್ಧ ಚಮಚ ಮೆಣಸು ಹೊಸದಾಗಿ ಜಜ್ಜಿ, ಒಂದು ಚಮಚ ತುಪ್ಪ ಬಿಸಿ ಮಾಡಿ, ಒಲೆ ಆರಿಸಿದ ಮೇಲೆ ಆ ಮೆಣಸನ್ನು ತುಪ್ಪಕ್ಕೆ ಹಾಕಿ, ಹತ್ತು ಎಣಿಸಿ ಸಾರಿಗೆ ಸುರಿದು ಮುಚ್ಚಿ. ಹೋದದ್ದು ಪೂರಾ ಬರುವುದಿಲ್ಲ, ಆದರೆ ಬಡಿಸುವಾಗ ಮೂಗಿಗೆ ಮೆಣಸು ಸಿಗುತ್ತದೆ. ಖಾರ ಮಾತ್ರ ಇನ್ನೊಂದಿಷ್ಟು ಏರುತ್ತದೆ, ಅದಕ್ಕೆ ಕಾಲು ಲೋಟ ಬಿಸಿನೀರು ಸೇರಿಸಿ.

ಹುಣಸೆಯ ಬದಲು ನಿಂಬೆ ಹಿಂಡುವವರು ನಿಂಬೆಯನ್ನು ಇಳಿಸಿ ಸ್ವಲ್ಪ ಆರಿದ ಮೇಲೆ ಹಿಂಡಬೇಕು. ಅದು ಕುದಿಯಲ್ಲಿ ಕಹಿಯಾಗುತ್ತದೆ.

ತಡವಾಗಿ ಊಟಕ್ಕೆ ಬರುವವರಿದ್ದರೆ ಎಲ್ಲರ ಸಾರನ್ನೂ ಒಟ್ಟಿಗೆ ಮುಗಿಸಬೇಡಿ. ಕುದಿದ ಹುಳಿನೀರನ್ನೂ ಬೇಳೆಕಟ್ಟನ್ನೂ ಅರ್ಧರ್ಧ ತೆಗೆದಿಟ್ಟು, ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ಮುಕ್ಕಾಲು ಚಮಚ ಮೆಣಸು ಜಜ್ಜಿ, ನೊರೆ ಎಬ್ಬಿಸಿ ಇಳಿಸಿ. ಈ ಹುಳಿನೀರು ಮತ್ತು ಕಟ್ಟು ಬೇರೆ ಬೇರೆಯಾಗಿ ಫ್ರಿಜ್ಜಿನಲ್ಲಿ ಎರಡು ದಿನ ಚೆನ್ನಾಗಿರುತ್ತವೆ. ಮುಗಿದ ಸಾರು ಮಿಕ್ಕಿದರೆ ರಾತ್ರಿ ಬಿಸಿ ಮಾಡುವಾಗ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿಟ್ಟು, ಅಂಚಿನಲ್ಲಿ ಗುಳ್ಳೆಯ ಬಳೆ ಕಾಣುತ್ತಿದ್ದಂತೆ ತೆಗೆಯಿರಿ. ಆ ಹೊತ್ತಿಗೆ ಎರಡು ಮೂರು ಕಾಳು ಮೆಣಸನ್ನು ಬಟ್ಟಲ ತಳದಲ್ಲಿ ಅದುಮಿ ಒಡೆದು ಬಟ್ಟಲಿಗೇ ಹಾಕಿ, ಮೇಲಿಂದ ಸಾರು ಬಗ್ಗಿಸಿದರೆ ಸಾಕು.